ಗಂಟೆಗೆ −45 ಕಿಲೋಮೀಟರ್ ಓಡುವ ಬಸ್ಸು

ಹತ್ತನೇ ತರಗತಿಯ ಗಣಿತದ ಅಭ್ಯಾಸ ಹಾಳೆ ವರ್ಗ ಸಮೀಕರಣದ ಪಾಠಕ್ಕೆ ಬಂತೆಂದರೆ ಒಂದು ಬಸ್ಸೋ ರೈಲೋ ಎದುರಾಗದೆ ಇರುವುದಿಲ್ಲ. ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ: ಒಂದು ಬಸ್ಸು 180 ಕಿ.ಮೀ. ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುತ್ತದೆ. ಅದರ ಜವ ಗಂಟೆಗೆ 9 ಕಿ.ಮೀ. ಹೆಚ್ಚಿದ್ದಿದ್ದರೆ ಅದೇ ದೂರಕ್ಕೆ 1 ಗಂಟೆ ಕಡಿಮೆ ಹಿಡಿಯುತ್ತಿತ್ತು. ಹಾಗಾದರೆ ಬಸ್ಸಿನ ಜವ ಎಷ್ಟು?

ಬೋರ್ಡಿನ ಮೇಲೆ x² + 9x − 1620 = 0 ಎಂದು ಬರೆದುಕೊಟ್ಟರೆ ಬಿಡಿಸುವ ಹುಡುಗನೂ ಬಸ್ಸು ಬಂದಾಗ ಪೆನ್ನು ಕಚ್ಚುತ್ತ ಕೂರುತ್ತಾನೆ. ಎರಡೂ ಒಂದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಬಸ್ಸಿನ ಲೆಕ್ಕದಲ್ಲಿ ಸಮೀಕರಣವನ್ನು ನಾವೇ ಕಟ್ಟಬೇಕು, ಕೊನೆಗೆ ಉತ್ತರವನ್ನೂ ನಾವೇ ಆರಿಸಬೇಕು. ನಡುವಿನ ಬೀಜಗಣಿತ ಅಭ್ಯಾಸದಿಂದ ಬರುತ್ತದೆ. ಕಷ್ಟವಿರುವುದು ಈ ಎರಡು ತುದಿಗಳಲ್ಲಿ.

ಮೊದಲ ಸಾಲು ಬರೆಯುವಾಗ ಅವಸರ ಬೇಡ. ‘x = ಬಸ್ಸು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಬಸ್ಸಿನ ಜವ ಗಂಟೆಗೆ x ಕಿ.ಮೀ. ಆಗಿರಲಿ’ ಎಂದು ಏಕಮಾನ ಸಮೇತ ಬರೆಯಬೇಕು. ಆಗ ಹೆಚ್ಚಿದ ಜವ x + 9. ಸಮಸ್ಯೆಯಲ್ಲಿ ದೂರ ಬದಲಾಗುತ್ತಿಲ್ಲ, ಹೋಲಿಕೆ ಇರುವುದು ಎರಡು ಕಾಲಗಳ ನಡುವೆ. ಆದ್ದರಿಂದ ಕಾಲವನ್ನೇ ಬರೆದುಕೊಳ್ಳಬೇಕು. ದೂರವನ್ನು ಜವದಿಂದ ಭಾಗಿಸಿದರೆ ಕಾಲ:

ಮೊದಲ ಜವದಲ್ಲಿ ಹಿಡಿಯುವ ಕಾಲ = 180/x ಗಂಟೆ
ಹೆಚ್ಚಿದ ಜವದಲ್ಲಿ ಹಿಡಿಯುವ ಕಾಲ = 180/(x + 9) ಗಂಟೆ

ಈಗ ಒಂದೇ ಪ್ರಶ್ನೆ ಉಳಿಯಿತು: ಇವೆರಡರಲ್ಲಿ ದೊಡ್ಡದು ಯಾವುದು? ನಿಧಾನ ಹೋಗುವ ಬಸ್ಸಿಗೆ ಹೆಚ್ಚು ಹೊತ್ತು ಬೇಕು, ಹಾಗಾಗಿ 180/x ದೊಡ್ಡದು. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 1 ಗಂಟೆ.

180/x − 180/(x + 9) = 1

ತುಂಬಾ ಮಕ್ಕಳು ಎಡವುವುದು ಇಲ್ಲೇ. ‘9 ಹೆಚ್ಚು’ ಎಂದು ಓದಿದ ಕೂಡಲೇ x + 9 ಇರುವುದೇ ದೊಡ್ಡದಿರಬೇಕೆಂದುಕೊಂಡು ಅದನ್ನು ಮೊದಲು ಬರೆಯುತ್ತಾರೆ. ಜವ ಹೆಚ್ಚಿದರೆ ಕಾಲ ಇಳಿಯುತ್ತದೆ ಎನ್ನುವುದು ಗೊತ್ತಿದ್ದರೂ ಬರೆಯುವ ಹೊತ್ತಿಗೆ ಮರೆತುಹೋಗುತ್ತದೆ. ಹಾಗೆ ತಿರುವುಮುರುವಾಗಿ ಬರೆದರೆ ಕೊನೆಗೆ ಸಿಗುವುದು x² + 9x + 1620 = 0. ಇದರ ಶೋಧಕ b² − 4ac ಅನ್ನು ಕಂಡುಹಿಡಿದರೆ 81 − 6480 = −6399. ಸೊನ್ನೆಗಿಂತ ಕಡಿಮೆ, ಅಂದರೆ ವಾಸ್ತವ ಮೂಲಗಳೇ ಇಲ್ಲ. ರಸ್ತೆಯ ಮೇಲೆ ಓಡುವ ಬಸ್ಸಿನ ಲೆಕ್ಕದಲ್ಲಿ ಹೀಗೆ ಬಂದರೆ ಸೂತ್ರವನ್ನು ಅನುಮಾನಿಸಬೇಕಿಲ್ಲ. ಮೇಲೆ ಹೋಗಿ ಸಮೀಕರಣ ಕಟ್ಟಿದ ಸಾಲನ್ನು ಮತ್ತೆ ಓದಬೇಕು.

ಸರಿಯಾದ ಸಮೀಕರಣವನ್ನು ಮುಂದುವರಿಸೋಣ. ಛೇದಗಳನ್ನು ಒಂದುಗೂಡಿಸಿದರೆ

[180(x + 9) − 180x] / [x(x + 9)] = 1
[180x + 1620 − 180x] / [x(x + 9)] = 1
1620 = x(x + 9)
x² + 9x − 1620 = 0

ಎರಡನೆಯ ಸಾಲನ್ನು ಬಿಡುವ ಚಾಳಿ ಹಲವರಿಗಿದೆ. 180x ಎರಡೂ ಕಡೆ ಸೇರಿ ಹೋಗುವುದು ಕಾಣಿಸುವುದು ಆ ಸಾಲಿನಲ್ಲೇ, ಆವರಣ ಬಿಡಿಸುವಾಗ 9ನ್ನು 180ರಿಂದ ಗುಣಿಸಲು ಮರೆತಿದ್ದರೆ ಸಿಕ್ಕಿಬೀಳುವುದೂ ಅಲ್ಲೇ.

ಈಗ ಅಪವರ್ತನ. ಗುಣಲಬ್ಧ 1620 ಆಗಿ, ವ್ಯತ್ಯಾಸ 9 ಆಗುವ ಎರಡು ಸಂಖ್ಯೆಗಳು ಬೇಕು. 1 × 1620, 2 × 810 ಎಂದು ಶುರುಮಾಡಿದರೆ ಅರ್ಧ ಪುಟ ಖರ್ಚಾಗುತ್ತದೆ. 40ರ ವರ್ಗ 1600, ಅದು 1620ರ ಹತ್ತಿರವೇ ಇದೆ. ವ್ಯತ್ಯಾಸ ಬರೀ 9 ಆದ್ದರಿಂದ ಒಂದು ಸಂಖ್ಯೆ 40ಕ್ಕಿಂತ ತುಸು ಕೆಳಗೆ, ಇನ್ನೊಂದು ತುಸು ಮೇಲೆ ಇರಲೇಬೇಕು. 36 ಮತ್ತು 45 ಬೇಗ ಸಿಗುತ್ತವೆ.

x² + 45x − 36x − 1620 = 0
x(x + 45) − 36(x + 45) = 0
(x + 45)(x − 36) = 0
x = −45 ಅಥವಾ x = 36

ಅಪವರ್ತನ ಹೊಳೆಯದವರಿಗೆ ಇನ್ನೊಂದು ದಾರಿಯಿದೆ, ನನಗಂತೂ ಅದೇ ಹೆಚ್ಚು ಚೆಂದ. ಶ್ರೀಧರಾಚಾರ್ಯರ ನಿಯಮವೆಂದು ಭಾಸ್ಕರಾಚಾರ್ಯರು ಉಲ್ಲೇಖಿಸಿದ ವಿಧಾನ ಅದು. x²ದ ಸಹಗುಣಕದ ನಾಲ್ಕರಷ್ಟರಿಂದ ಎಲ್ಲವನ್ನೂ ಗುಣಿಸಿ, x ಪದದ ಮೂಲ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸಬೇಕು. ನಮ್ಮ ಲೆಕ್ಕದಲ್ಲಿ 4ರಿಂದ ಗುಣಿಸಿ 81 ಕೂಡಿಸಿದರೆ

4x² + 36x + 81 = 6480 + 81
(2x + 9)² = 6561 = 81²
2x + 9 = 81 ಅಥವಾ 2x + 9 = −81

ಅಲ್ಲಿಂದ ಅದೇ 36, ಅದೇ −45. ಸಂಖ್ಯೆಗಳನ್ನು ಹುಡುಕುವ ಕೆಲಸವಿಲ್ಲ, ಭಿನ್ನರಾಶಿಯ ಗೋಜೂ ಇಲ್ಲ.

ಇನ್ನು ಎರಡನೆಯ ತುದಿ. ‘x = 36’ ಎಂದು ಬರೆದು ಕೆಳಗೆ ಗೆರೆ ಎಳೆಯುವವರು −45ರ ಬಗ್ಗೆ ಏನೂ ಹೇಳದೆ ಹೋಗುತ್ತಾರೆ. ‘ಇಲ್ಲಿ x ಎಂದರೆ ಬಸ್ಸಿನ ಜವ, ಜವ ಋಣವಾಗಲಾರದು, ಆದ್ದರಿಂದ x = −45 ತಿರಸ್ಕೃತ’ ಎಂಬ ಸಾಲು ಇರಬೇಕು. ಆಮೇಲೆ ತಾಳೆ. ಅದನ್ನು ವರ್ಗ ಸಮೀಕರಣದಲ್ಲಿ ನೋಡಿದರೆ ಸಾಲದು, ಸಮೀಕರಣವನ್ನೇ ತಪ್ಪಾಗಿ ಕಟ್ಟಿದ್ದರೆ ತಪ್ಪು ಉತ್ತರವೂ ಅಲ್ಲಿ ತಾಳೆಯಾಗುತ್ತದೆ. ಸಮಸ್ಯೆಯ ಮಾತುಗಳಿಗೇ ಮರಳಬೇಕು: 180 ಕಿ.ಮೀ. ದೂರಕ್ಕೆ 36ರಲ್ಲಿ 5 ಗಂಟೆ, 45ರಲ್ಲಿ 4 ಗಂಟೆ, ವ್ಯತ್ಯಾಸ 1 ಗಂಟೆ.

ತಿರಸ್ಕರಿಸಿದ −45ರ ಚಿಹ್ನೆ ತೆಗೆದರೆ ಉಳಿಯುವುದು ಹೆಚ್ಚಿದ ಜವವೇ ಎಂಬುದನ್ನು ಗಮನಿಸಿದಿರಾ? ಇದು ಕಾಕತಾಳೀಯವಲ್ಲ. ಹೆಚ್ಚಿದ ಜವವನ್ನೇ y ಎಂದುಕೊಂಡು ಆರಂಭಿಸಿದ್ದರೆ y² − 9y − 1620 = 0 ಬರುತ್ತಿತ್ತು, ಅದರ ಮೂಲಗಳು 45 ಮತ್ತು −36. ಎರಡು ಜವಗಳ ಗುಣಲಬ್ಧ 1620, ವ್ಯತ್ಯಾಸ 9 ಎನ್ನುವುದೇ ಎರಡೂ ಸಮೀಕರಣಗಳ ಒಳಗಿರುವ ಸಂಗತಿ.

ಆದರೆ ಋಣ ಮೂಲವನ್ನು ಹೊಡೆದುಹಾಕಿ ಧನ ಮೂಲವನ್ನು ಇಟ್ಟುಕೊಂಡರಾಯಿತು ಎಂದು ರೂಢಿ ಮಾಡಿಕೊಂಡವರು ಭಾಸ್ಕರಾಚಾರ್ಯರ ಕೋತಿಗಳ ಮುಂದೆ ಸೋಲುತ್ತಾರೆ. 12ನೇ ಶತಮಾನದ ಅವರ ‘ಬೀಜಗಣಿತ’ದಲ್ಲಿ ಇಂಥ ಎರಡು ಲೆಕ್ಕಗಳಿವೆ. ಮೊದಲನೆಯದರಲ್ಲಿ ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. (x/8)² + 12 = x ಎಂದು ಬರೆದು 64ರಿಂದ ಗುಣಿಸಿದರೆ x² − 64x + 768 = 0, ಮೂಲಗಳು 48 ಮತ್ತು 16. ಹಿಂಡು 48 ಆದರೆ ಆಡುವವು 36, 16 ಆದರೆ 4. ಎರಡೂ ತಾಳೆಯಾಗುತ್ತವೆ, ಎರಡೂ ಉತ್ತರವೇ. ಒಂದನ್ನು ಬಿಟ್ಟರೆ ತಪ್ಪು.

ಎರಡನೆಯದು ಇನ್ನೂ ಸೂಕ್ಷ್ಮ. ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಉಳಿದುದರ ವರ್ಗದಷ್ಟು ಕೋತಿಗಳು ಗುಹೆಗೆ ಹೋಗಿವೆ, ಒಂದು ಮರದ ಕೊಂಬೆಯ ಮೇಲೆ ಕಾಣುತ್ತಿದೆ.

(x/5 − 3)² + 1 = x
x² − 55x + 250 = 0
x = 50 ಅಥವಾ x = 5

ಎರಡೂ ಧನ, ಎರಡೂ ಪೂರ್ಣ ಸಂಖ್ಯೆ. 50ಕ್ಕೆ ಐದನೇ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಒಂದು ಸೇರಿ 50. ಐದಕ್ಕೆ ಐದನೇ ಒಂದು ಭಾಗ 1, ಅದರಲ್ಲಿ ಮೂರು ಕಳೆದರೆ −2. ವರ್ಗ ಮಾಡಿದಾಗ 4 ಆಗಿ, ಒಂದು ಸೇರಿ 5 ಆಗುತ್ತದೆ, ಸಂಖ್ಯೆ ಮಟ್ಟಿಗೆ ಎಲ್ಲ ಸರಿ. ಆದರೆ ಒಂದು ಕೋತಿಯಿಂದ ಮೂರು ಕೋತಿ ಕಳೆಯುವುದು ಹೇಗೆ? ಋಣರಾಶಿಯಾಗಿ ಬಂದದ್ದನ್ನು ಜನ ಒಪ್ಪುವುದಿಲ್ಲವೆಂಬ ಕಾರಣ ಕೊಟ್ಟು ಭಾಸ್ಕರರು 5ನ್ನು ಬಿಟ್ಟರು. ಇಂಥ ಲೆಕ್ಕ ಅಭ್ಯಾಸ ಹಾಳೆಯಲ್ಲಿ ಬಂದರೆ ‘x = 5 ತಿರಸ್ಕೃತ’ ಎಂಬ ಸಾಲಿನ ಪಕ್ಕದಲ್ಲಿ 5/5 − 3 = −2 ಎಂಬುದನ್ನೂ ಬರೆದಿಡಬೇಕು.