ಲೆಕ್ಕಪುಸ್ತಕದ ಲಾಭಕ್ಕೂ ತೆರಿಗೆ: ಮ್ಯಾಟ್ ಲೆಕ್ಕಾಚಾರ

ಷೇರುದಾರರಿಗೆ ತೋರಿಸುವ ಲಾಭ ಮತ್ತು ಆದಾಯ ತೆರಿಗೆ ಇಲಾಖೆಗೆ ತೋರಿಸುವ ಆದಾಯ ಒಂದೇ ಕಂಪನಿಯಲ್ಲಿ ಬೇರೆ ಬೇರೆಯಾಗಿರುತ್ತವೆ. ಇದಕ್ಕೆ ಮುಖ್ಯ ಕಾರಣ ಸವಕಳಿ. ಯಂತ್ರದ ಬೆಲೆಯನ್ನು ಲೆಕ್ಕಪುಸ್ತಕದಲ್ಲಿ ಸಾಮಾನ್ಯವಾಗಿ ಹಲವು ವರ್ಷಗಳಿಗೆ ಸಮನಾಗಿ ಹಂಚುತ್ತಾರೆ. ತೆರಿಗೆ ಕಾನೂನು ಮಾತ್ರ ಮೊದಲ ವರ್ಷಗಳಲ್ಲೇ ಹೆಚ್ಚು ಕಳೆಯಲು ಬಿಡುತ್ತದೆ. ಹೀಗಾಗಿ ಒಳ್ಳೆಯ ಲಾಭ ಗಳಿಸಿ ಲಾಭಾಂಶ ಹಂಚಿದ ಕಂಪನಿಯೂ ತೆರಿಗೆಯನ್ನೇ ಕಟ್ಟದೆ ಉಳಿಯಬಹುದಿತ್ತು. ಇದನ್ನು ತಡೆಯಲು ಬಂದದ್ದು ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದರ ನಿಯಮಗಳು 115ಜೆಬಿ ಕಲಂನಲ್ಲಿವೆ.

ಮ್ಯಾಟ್‌ಗೆ ಆಧಾರ ಪುಸ್ತಕ ಲಾಭ. ಲಾಭ-ನಷ್ಟ ಖಾತೆಯ ನಿವ್ವಳ ಲಾಭಕ್ಕೆ, ಖರ್ಚಾಗಿ ಕಳೆದಿದ್ದ ಆದಾಯ ತೆರಿಗೆ, ಮೀಸಲು ನಿಧಿಗೆ ಹಾಕಿದ ಹಣ, ಮೊತ್ತ ಖಚಿತವಾಗದ ಹೊಣೆಗಳಿಗೆ ತೆಗೆದಿಟ್ಟ ಹಣ ಮುಂತಾದವನ್ನು ಮರಳಿ ಸೇರಿಸಬೇಕು. ಪುಸ್ತಕದಲ್ಲಿ ಹಿಂದಿನ ನಷ್ಟ ಮತ್ತು ಹೊಂದಿಕೆಯಾಗದ ಸವಕಳಿ ಎರಡೂ ಉಳಿದಿದ್ದರೆ, ಅವುಗಳಲ್ಲಿ ಕಡಿಮೆ ಇರುವುದನ್ನು ಮಾತ್ರ ಕಳೆಯಬಹುದು. ಈ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟ್ ನಮೂನೆ 29ಬಿಯಲ್ಲಿ ವರದಿ ಕೊಡುತ್ತಾರೆ.

2022-23ರ ಹಣಕಾಸು ವರ್ಷದಲ್ಲಿ ಹಳೆಯ ಪದ್ಧತಿಯಲ್ಲೇ ಉಳಿದು, ಶೇ 25ರ ದರಕ್ಕೆ ಒಳಪಟ್ಟ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಸರ್ಚಾರ್ಜ್ ಮತ್ತು ಸೆಸ್ ಸದ್ಯ ಬದಿಗಿರಲಿ. ಅದರ ಪುಸ್ತಕ ಲಾಭ 10 ಕೋಟಿ ರೂಪಾಯಿ. ಹೊಸ ಯಂತ್ರಗಳ ಸವಕಳಿಯಿಂದಾಗಿ ತೆರಿಗೆಗೆ ಒಳಪಡುವ ಆದಾಯ 4 ಕೋಟಿಗೆ ಇಳಿದಿದೆ. ಸಾಮಾನ್ಯ ತೆರಿಗೆ 1 ಕೋಟಿ; ಶೇ 15ರ ದರದಲ್ಲಿ ಮ್ಯಾಟ್ 1.5 ಕೋಟಿ. ಎರಡರಲ್ಲಿ ಹೆಚ್ಚಿನದನ್ನು, ಅಂದರೆ 1.5 ಕೋಟಿಯನ್ನು ಕಟ್ಟಬೇಕು. ಈ ದರಗಳಲ್ಲಿ ತೆರಿಗೆಯ ಆದಾಯ ಪುಸ್ತಕ ಲಾಭದ ಶೇ 60ಕ್ಕಿಂತ ಕೆಳಗಿಳಿದರೆ ಮ್ಯಾಟ್ ಬೀಳುತ್ತದೆ.

ಹೆಚ್ಚುವರಿಯಾಗಿ ಕಟ್ಟಿದ 50 ಲಕ್ಷ ವ್ಯರ್ಥವಾಗುವುದಿಲ್ಲ. ಅದು ಮ್ಯಾಟ್ ಕ್ರೆಡಿಟ್ ಆಗಿ ಕಂಪನಿಯ ಹೆಸರಿನಲ್ಲಿ ಉಳಿಯುತ್ತದೆ. ಮರುವರ್ಷ ಯಂತ್ರಗಳ ಸವಕಳಿ ತಗ್ಗಿ, ತೆರಿಗೆಯ ಆದಾಯ 6 ಕೋಟಿ, ಪುಸ್ತಕ ಲಾಭ 8 ಕೋಟಿ ಆಯಿತೆನ್ನೋಣ. ಸಾಮಾನ್ಯ ತೆರಿಗೆ 1.5 ಕೋಟಿ, ಮ್ಯಾಟ್ 1.2 ಕೋಟಿ. ಇವುಗಳ ವ್ಯತ್ಯಾಸವಾದ 30 ಲಕ್ಷದಷ್ಟು ಕ್ರೆಡಿಟ್ ಮಾತ್ರ ಈ ವರ್ಷ ಬಳಕೆಗೆ ಸಿಗುತ್ತದೆ. ಕಂಪನಿ ಕಟ್ಟುವುದು 1.2 ಕೋಟಿ. ಕ್ರೆಡಿಟ್ ಬಳಸಿದ ಮೇಲೂ ತೆರಿಗೆ ಆ ವರ್ಷದ ಮ್ಯಾಟ್‌ಗಿಂತ ಕೆಳಗಿಳಿಯುವಂತಿಲ್ಲ. ಉಳಿದ 20 ಲಕ್ಷ ಮುಂದಕ್ಕೆ ಹೋಗುತ್ತದೆ.

ಈ ವರ್ಷಗಳ ನಿಯಮದಂತೆ ಕ್ರೆಡಿಟನ್ನು 15 ಕರನಿರ್ಧಾರ ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಅದಕ್ಕೆ ಬಡ್ಡಿ ಇಲ್ಲ. ವರ್ಷ ವರ್ಷವೂ ಮ್ಯಾಟ್ ಕಟ್ಟುತ್ತಲೇ ಇರುವ ಕಂಪನಿಗೆ ಅದನ್ನು ಬಳಸುವ ಅವಕಾಶವೇ ಬರುವುದಿಲ್ಲ. 115ಬಿಎಎ ಕಲಂನ ಶೇ 22ರ ದರವನ್ನು ಆಯ್ದುಕೊಂಡ ಕಂಪನಿಗೆ ಮ್ಯಾಟ್ ಅನ್ವಯಿಸುವುದಿಲ್ಲ. ಆದರೆ ಅದುವರೆಗೆ ಕೂಡಿದ ಕ್ರೆಡಿಟ್ ಅದರ ಕೈತಪ್ಪುತ್ತಿತ್ತು. ಒಮ್ಮೆ ಆಯ್ದುಕೊಂಡರೆ ಹಿಂದಿರುಗುವಂತಿಲ್ಲವಾದ್ದರಿಂದ, ದೊಡ್ಡ ಮೊತ್ತದ ಕ್ರೆಡಿಟ್ ಇದ್ದ ಕಂಪನಿಗಳು ಮೊದಲು ಅದನ್ನು ಬಳಸಿ ಮುಗಿಸಿ, ಆಮೇಲೆ ಹೊಸ ದರಕ್ಕೆ ಹೋಗುವುದೇ ಲಾಭಕರವಾಗಿತ್ತು.