ಅಪ್ಪ ಸತ್ತ ದಿನವನ್ನು ಬರೆಯುವುದು ಹೇಗೆ?

ಮನೆಯ ಹಿರಿಯರು ತೀರಿಕೊಂಡ ಮೇಲೆ ಹದಿಮೂರನೆಯ ದಿನಕ್ಕೋ ವರ್ಷಾಬ್ದಿಕಕ್ಕೋ ಮಕ್ಕಳು ಒಂದು ಸಣ್ಣ ಸ್ಮರಣ ಪುಸ್ತಿಕೆ ಅಚ್ಚು ಹಾಕಿಸಿ ಹಂಚುವುದುಂಟು. ಅಂಥ ಹತ್ತು ಪುಸ್ತಿಕೆಗಳನ್ನು ಒಟ್ಟಿಗೆ ಓದಿದರೆ ಹತ್ತರಲ್ಲೂ ಒಬ್ಬರೇ ತಂದೆ ಕಾಣಿಸುತ್ತಾರೆ. ಅವರು ಆಲದ ಮರ, ತ್ಯಾಗಮೂರ್ತಿ, ಅವರ ಅಗಲಿಕೆ ತುಂಬಲಾರದ ನಷ್ಟ. ಬರೆದವರ ದುಃಖ ಸುಳ್ಳಲ್ಲ. ಆದರೆ ಓದಿ ಮುಗಿಸಿದ ಮೇಲೂ ಆ ಮನುಷ್ಯ ಸಿಟ್ಟು ಬಂದಾಗ ಏನು ಮಾಡುತ್ತಿದ್ದರು, ಯಾವ ಅಂಗಿಯನ್ನು ಹೆಚ್ಚಾಗಿ ತೊಡುತ್ತಿದ್ದರು, ಕೊನೆಯ ವಾರ ಏನನ್ನು ಕೇಳಿದರು ಎಂಬುದು ಗೊತ್ತಾಗುವುದಿಲ್ಲ. ಸತ್ತವರು ಬರವಣಿಗೆಯಲ್ಲಿ ಇನ್ನೊಮ್ಮೆ ಕಾಣೆಯಾಗಿರುತ್ತಾರೆ.

ಈ ತೊಡಕನ್ನು ನೇರವಾಗಿ ಎದುರಿಸಿದವರಲ್ಲಿ ಫ್ರಾನ್ಸಿನ ಲೇಖಕಿ ಆನಿ ಎರ್ನೊ ಒಬ್ಬರು. 2022ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರ ತಂದೆ ನಾರ್ಮಂಡಿಯ ಇವ್ತೊ ಎಂಬ ಸಣ್ಣ ಪಟ್ಟಣದಲ್ಲಿ ಕಾಫಿ ಅಂಗಡಿಯನ್ನೂ ಅದಕ್ಕೆ ಸೇರಿಕೊಂಡ ದಿನಸಿ ಅಂಗಡಿಯನ್ನೂ ನಡೆಸುತ್ತಿದ್ದರು. ಅದಕ್ಕೂ ಮೊದಲು ಹೊಲದ ಆಳಾಗಿದ್ದರು, ಕಾರ್ಖಾನೆಯ ಕೂಲಿಯಾಗಿದ್ದರು. ಮಗಳು ಅಧ್ಯಾಪಕಿಯಾಗುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಎರಡು ತಿಂಗಳಿಗೆ, 1967ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಎರ್ನೊ ಮೊದಲು ತಂದೆಯನ್ನು ಕಥಾನಾಯಕನನ್ನಾಗಿ ಮಾಡಿಕೊಂಡು ಕಾದಂಬರಿ ಬರೆಯಲು ಹೊರಟರು. ನಡುವೆಯೇ ಅವರಿಗೆ ಹೇಸಿಕೆ ಹುಟ್ಟಿತು. ಹೊಟ್ಟೆಪಾಡಿನ ಒತ್ತಡದಲ್ಲೇ ಕಳೆದ ಬದುಕನ್ನು ಮನ ಕಲಕುವ ಕಥೆಯಾಗಿ ಮಾಡುವ ಹಕ್ಕು ತನಗಿಲ್ಲ ಎನ್ನಿಸಿತು. ಅದನ್ನು ಬಿಟ್ಟು, ಹಿಂದೆ ಮನೆಗೆ ಕಾಗದ ಬರೆಯುವಾಗ ಬಳಸುತ್ತಿದ್ದ ಸಪಾಟಾದ ಭಾಷೆಗೆ ಮರಳಿದರು. ಆ ಕಾಗದಗಳಲ್ಲಿ ಅಲಂಕಾರ ಇರುತ್ತಿರಲಿಲ್ಲ, ಇದ್ದರೆ ತಂದೆತಾಯಿಗೆ ಅದು ದೂರ ಇಟ್ಟಂತೆ ತೋರುತ್ತಿತ್ತು. ಹೀಗೆ ಹುಟ್ಟಿದ್ದು 1983ರಲ್ಲಿ ಪ್ರಕಟವಾದ 'ಲಾ ಪ್ಲಾಸ್' ಎಂಬ ಪುಟ್ಟ ಪುಸ್ತಕ. ಹೆಸರಿನ ಅರ್ಥ 'ಸ್ಥಾನ' ಎಂದು.

ಸಾವಿನ ಗಳಿಗೆಯನ್ನು ಆ ಪುಸ್ತಕ ಹೇಳುವ ರೀತಿ ಗಮನಿಸಬೇಕಾದದ್ದು. ತಾಯಿ ಮೆಟ್ಟಿಲ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಊಟದ ಕರವಸ್ತ್ರ ಇನ್ನೂ ಕೈಯಲ್ಲಿದೆ, ಅದರಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಎಲ್ಲ ಮುಗಿಯಿತೆಂಬುದನ್ನು ಏರಿಳಿತವಿಲ್ಲದ ದನಿಯಲ್ಲಿ ತಿಳಿಸುತ್ತಾರೆ. ಮುಂದೆ ಬರುವುದು ಕೆಲಸಗಳ ಸಾಲು: ಮುಖ ಕ್ಷೌರ ಮಾಡಿದ್ದು, ಮಗಳ ಮದುವೆಗೆ ತೊಟ್ಟಿದ್ದ ಸೂಟನ್ನೇ ಹಾಕಿದ್ದು. ಮೆಟ್ಟಿಲು ಕಿರಿದಾಗಿ ಶವಪೆಟ್ಟಿಗೆ ಮೇಲೆ ಹೋಗದ್ದರಿಂದ ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಬೇಕಾಗಿ ಬಂದದ್ದೂ ಇದೆ. ಆಮೇಲೆ ತಂದೆಯ ಕೈಚೀಲದಲ್ಲಿ ಹಳೆಯ ಪತ್ರಿಕೆಯ ತುಣುಕೊಂದು ಸಿಗುತ್ತದೆ. ಅದು ಶಿಕ್ಷಕಿಯರ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆಯ ಫಲಿತಾಂಶ, ಎರಡನೆಯ ಹೆಸರು ಮಗಳದ್ದು. ತಂದೆಗೆ ಮಗಳ ಮೇಲೆ ಎಷ್ಟು ಪ್ರೀತಿ ಇತ್ತೆಂದು ಎರ್ನೊ ಅಲ್ಲಿ ವಿವರಿಸಲು ಹೋಗುವುದಿಲ್ಲ. ತುಣುಕು ಇತ್ತು ಎಂದರೆ ಸಾಕು.

ಒಂದು ಪ್ಯಾರಾದ ತಿದ್ದುಪಡಿ

ಈ ಕ್ರಮವನ್ನು ನಮ್ಮ ಊರಿನ ಬರವಣಿಗೆಗೆ ಹಚ್ಚಿ ನೋಡಬಹುದು. ಒಬ್ಬ ಮಗ ಹೀಗೆ ಬರೆದನೆಂದು ಇಟ್ಟುಕೊಳ್ಳೋಣ: 'ಆ ಕರಾಳ ರಾತ್ರಿ ವಿಧಿ ನಮ್ಮ ಬಾಳಿನ ಜ್ಯೋತಿಯನ್ನು ನಂದಿಸಿತು. ದೇವರಂಥ ಅಪ್ಪ ನಮ್ಮನ್ನು ಅನಾಥರನ್ನಾಗಿಸಿ ಹೊರಟೇಹೋದರು.'

ಇದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಪಕ್ಕದ ಮನೆಯವರ ತಂದೆಯ ಹೆಸರನ್ನು ಇಲ್ಲಿ ಹಾಕಿದರೂ ವಾಕ್ಯ ಹಾಗೆಯೇ ನಿಲ್ಲುತ್ತದೆಯೇ? ನಿಲ್ಲುತ್ತದೆ. ಹಾಗಿದ್ದರೆ ಅದು ಈ ಅಪ್ಪನ ಬಗ್ಗೆ ಏನೂ ಹೇಳಿಲ್ಲ, ಹೊಡೆದುಹಾಕಬೇಕು. ಆಮೇಲೆ ಮಗ ತನ್ನನ್ನು ತಾನೇ ಕೇಳಿಕೊಳ್ಳಬೇಕಾದದ್ದು ಮೂರು ಪ್ರಶ್ನೆ: ಎಲ್ಲಿ ಇದ್ದರು? ಕೊನೆಗೆ ಏನು ಕೇಳಿದರು? ಆಗ ನಾನೇನು ಮಾಡುತ್ತಿದ್ದೆ? ಉತ್ತರ ಕೂಡಿಸಿದರೆ ಪ್ಯಾರಾ ಹೀಗಾಗುತ್ತದೆ:

'ಅಪ್ಪ ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಕನ್ನಡಕ ಕೊಡು ಎಂದರು. ಈ ಹೊತ್ತಿನಲ್ಲಿ ಏನು ಓದುತ್ತೀರಿ, ಮಲಗಿ ಅಂದೆ. ಐದೂವರೆಗೆ ಫ್ಲಾಸ್ಕು ಹಿಡಿದು ಚಹಾ ತರಲು ಕೆಳಗೆ ಹೋದೆ. ವಾಪಸು ಬಂದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ನರ್ಸು ಒಂದು ಕಾಗದ ಕೊಟ್ಟು ಸಹಿ ಮಾಡಿ ಎಂದಳು. ಸಹಿ ಹಾಕಲು ಫ್ಲಾಸ್ಕನ್ನು ಅಪ್ಪನ ಮಂಚದ ಮೇಲಿಟ್ಟೆ. ಕನ್ನಡಕ ಮಂಚದ ಕೆಳಗಿನ ಚೀಲದಲ್ಲೇ ಇತ್ತು.'

ಇಲ್ಲಿ 'ದುಃಖ' ಎಂಬ ಶಬ್ದವೇ ಇಲ್ಲ. ಕಣ್ಣೀರೂ ಇಲ್ಲ. ಆದರೆ ಕನ್ನಡಕ ಕೊಡದೆ ಹೋದದ್ದು ಆ ಮಗನನ್ನು ಎಷ್ಟು ದಿನ ಕಾಡೀತೆಂದು ಓದುಗನಿಗೆ ಯಾರೂ ಹೇಳಿಕೊಡಬೇಕಿಲ್ಲ. 'ನನ್ನನ್ನು ನಾನೆಂದೂ ಕ್ಷಮಿಸಲಾರೆ' ಎಂಬ ಒಂದು ವಾಕ್ಯವನ್ನು ಕೊನೆಗೆ ಸೇರಿಸಿದರೆ ಓದುಗನ ಕಣ್ಣು ತಂದೆಯಿಂದ ಸರಿದು ಮಗನ ಮೇಲೆ ಬೀಳುತ್ತದೆ. ಅತಿಭಾವುಕತೆ ಹೆಚ್ಚಿನ ಸಲ ಆರಂಭವಾಗುವುದು ಅಲ್ಲಿಯೇ.

ಎಲ್ಲಿ ಎಡವುತ್ತಾರೆ?

ಮೊದಲನೆಯ ಎಡವು, ವಸ್ತುವನ್ನು ಸಂಕೇತ ಮಾಡುವುದು. ಫ್ಲಾಸ್ಕಿನಿಂದ ತೊಟ್ಟಿಕ್ಕಿದ ಚಹಾ ಕಣ್ಣೀರಿನಂತಿತ್ತು ಎಂದು ಬರೆದ ಕೂಡಲೇ ಫ್ಲಾಸ್ಕು ಸುಳ್ಳಾಗುತ್ತದೆ. ಫ್ಲಾಸ್ಕು ಫ್ಲಾಸ್ಕಾಗಿಯೇ ಉಳಿಯಬೇಕು.

ಎರಡನೆಯದು ಇದರ ತದ್ವಿರುದ್ಧ. ಅಳು ಬರಬಾರದೆಂಬ ಹಟಕ್ಕೆ ಬಿದ್ದು ಎಲ್ಲವನ್ನೂ ಪೊಲೀಸ್ ಪಂಚನಾಮೆಯಂತೆ ಬರೆಯುವುದು. ಮಗ ನಿಜಕ್ಕೂ ಅತ್ತಿದ್ದರೆ 'ಅತ್ತೆ' ಎನ್ನುವುದರಲ್ಲಿ ತಪ್ಪಿಲ್ಲ. ಅದೂ ನಡೆದ ಸಂಗತಿಯೇ. ಅದನ್ನು ಒಮ್ಮೆ ಹೇಳಿ ಮುಂದಕ್ಕೆ ಹೋಗಬೇಕು.

ಮೂರನೆಯದು ನೆನಪಿನ ಮೋಸ. ಮೇಲಿನ ಪ್ಯಾರಾ ಓದಿದ ಅಕ್ಕ, 'ಕನ್ನಡಕದ ಕಡ್ಡಿ ಮುರಿದಿತ್ತಲ್ಲೋ, ಅದು ಮನೆಯಲ್ಲೇ ಇತ್ತು' ಎನ್ನಬಹುದು. ಸಾವಿನ ಹೊತ್ತನ್ನು ಆಸ್ಪತ್ರೆಯ ಕಾಗದದಿಂದ ಖಚಿತ ಮಾಡಿಕೊಳ್ಳಬಹುದು, ಕನ್ನಡಕಕ್ಕೆ ಅಂಥ ದಾಖಲೆ ಇಲ್ಲ. ಆಗ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಸಾಧಿಸುವ ಅಗತ್ಯವಿಲ್ಲ. ಚೀಲದಲ್ಲಿತ್ತೆಂದು ತನ್ನ ನೆನಪು, ಮನೆಯಲ್ಲಿತ್ತೆಂದು ಅಕ್ಕನ ನೆನಪು ಎಂದು ಎರಡನ್ನೂ ಬರೆಯಬಹುದು. ಕೊಡಲು ಕನ್ನಡಕವೇ ಇರಲಿಲ್ಲ ಎಂದಾದರೆ ಮಗ ಹೊತ್ತ ಭಾರ ಬೇರೆಯೇ ಆಗುತ್ತದೆ. ಬರವಣಿಗೆ ಬರೆದವನಿಗೇ ಹೊಸದನ್ನು ತೋರಿಸುವುದು ಇಂಥ ಕಡೆಯಲ್ಲಿ.

ಎಷ್ಟು ಕಾಲ ಬಿಟ್ಟು ಬರೆಯಬೇಕು ಎಂಬುದಕ್ಕೆ ನಿಯಮವಿಲ್ಲ. ತಂದೆಯ ಪುಸ್ತಕ ಹೊರಬರಲು ಎರ್ನೊಗೆ 16 ವರ್ಷ ಹಿಡಿಯಿತು. ತಾಯಿ 1986ರ ಏಪ್ರಿಲ್ 7ರಂದು ತೀರಿಕೊಂಡಾಗ ಅವರು ಎರಡು ವಾರದೊಳಗೆ ಬರೆಯತೊಡಗಿದರು. ಆದರೆ ಆ ಪುಟ್ಟ ಪುಸ್ತಕ ಮುಗಿಯಲು ಹತ್ತು ತಿಂಗಳು ಬೇಕಾಯಿತು. ಟಿಪ್ಪಣಿ ಬೇಗ ಮಾಡಿಕೊಂಡರೆ ವಿವರ ಉಳಿಯುತ್ತದೆ. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ತೀರ್ಮಾನ ತಡವಾದರೂ ನಡೆದೀತು.

ಕನ್ನಡದಲ್ಲಿ ಈ ದಾರಿ ಹೊಸದೇನಲ್ಲ. ಪಿ. ಲಂಕೇಶರ 'ಅವ್ವ' ಕವಿತೆಯನ್ನು ನೆನೆದರೆ ಸಾಕು. ಆ ತಾಯಿ ಪುರಾಣದ ಪತಿವ್ರತೆಯರ ಸಾಲಿನವಳಲ್ಲ ಎಂದು ಮಗನೇ ಹೇಳುತ್ತಾನೆ. ಅವಳು ದುಡಿದದ್ದು, ಕಾಳಿಗಾಗಿ, ಮಕ್ಕಳಿಗಾಗಿ ಒದ್ದಾಡಿದ್ದು ಒಂದೊಂದಾಗಿ ಬರುತ್ತವೆ. ಕೊನೆಗೆ ಅವಳ ಸಾವು, ಮಾತನಾಡುತ್ತಲೇ ಹೊಲಕ್ಕೆ ಹೊರಟವಳಂತೆ, ಸದ್ದಿಲ್ಲದೆ ಬಂದುಹೋಗುತ್ತದೆ. ಓದಿದವರಿಗೆ ಆ ಹೆಂಗಸು ಬೇರೆ ಯಾರ ತಾಯಿಯೂ ಅಲ್ಲ, ಅವಳೊಬ್ಬಳೇ.