ಮಾರ್ಚ್ ತಿಂಗಳ ಕಂತು

2020ರ ಮಾರ್ಚ್ 23, ಸೋಮವಾರ. ಬೆಳಿಗ್ಗೆ ಷೇರುಪೇಟೆ ತೆರೆದ ಸ್ವಲ್ಪ ಹೊತ್ತಿಗೇ ಸೂಚ್ಯಂಕ ಶೇ 10ರಷ್ಟು ಕುಸಿದು, ವಹಿವಾಟನ್ನು 45 ನಿಮಿಷ ನಿಲ್ಲಿಸಬೇಕಾಯಿತು. ಮತ್ತೆ ಶುರುವಾದ ಮೇಲೂ ಇಳಿಕೆ ನಿಲ್ಲಲಿಲ್ಲ. ದಿನದ ಕೊನೆಗೆ ನಿಫ್ಟಿ 50 ಸೂಚ್ಯಂಕ 7,610ರಲ್ಲಿತ್ತು. ಅದೇ ಜನವರಿಯಲ್ಲಿ ಅದು 12,300 ದಾಟಿತ್ತು. ಆ ಜನವರಿಯಲ್ಲೇ ಬದುಕಿನ ಮೊದಲ ಎಸ್‌ಐಪಿ ಶುರುಮಾಡಿದವರೊಬ್ಬರು ಇದ್ದರು ಎಂದುಕೊಳ್ಳಿ. ಷೇರುಪೇಟೆ ಬಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರ ಒಂದು ವರ್ಷದ ಲೆಕ್ಕದಲ್ಲಿ ಉತ್ತರವಿದೆ.

ಅವರು ಕೊಂಡಿದ್ದು ಏನನ್ನು ಎಂಬುದನ್ನು ಮೊದಲು ನೋಡೋಣ. ನಿಫ್ಟಿ 50 ಎಂದರೆ ರಾಷ್ಟ್ರೀಯ ಷೇರುಪೇಟೆಯ ಐವತ್ತು ದೊಡ್ಡ ಕಂಪನಿಗಳ ಪಟ್ಟಿ. ಇಂಡೆಕ್ಸ್ ಫಂಡ್ ಆ ಐವತ್ತನ್ನೂ ಪಟ್ಟಿಯಲ್ಲಿರುವ ಪ್ರಮಾಣದಲ್ಲೇ ಕೊಂಡು ಇಟ್ಟುಕೊಳ್ಳುತ್ತದೆ. ಯಾವ ಷೇರು ಒಳ್ಳೆಯದು ಎಂದು ಹುಡುಕುವ ಕೆಲಸ ಅದಕ್ಕಿಲ್ಲ, ಹಾಗಾಗಿ ಅದರ ಖರ್ಚು ಕಡಿಮೆ. ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆ. ಅದೇ 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಪಟ್ಟಿಯಿಂದ ಹೊರಬಿದ್ದು, ಶ್ರೀ ಸಿಮೆಂಟ್ ಒಳಗೆ ಬಂತು. ಒಂದೇ ಕಂಪನಿಯ ಷೇರು ಬಿದ್ದರೆ ಅದು ಮೇಲೇಳದೇ ಹೋಗಬಹುದು. ಸೂಚ್ಯಂಕದಲ್ಲಿ ಬಿದ್ದವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಕುಸಿತದ ನಡುವೆಯೂ ಕಂತು ಕಟ್ಟಿ ಎಂದು ಧೈರ್ಯದಿಂದ ಹೇಳಬಹುದಾದದ್ದು ಈ ಒಂದು ಕಾರಣಕ್ಕೆ. ಯಾರೋ ಹೇಳಿದ ಒಂಟಿ ಷೇರಿಗೆ ಈ ಮಾತು ಅನ್ವಯಿಸುವುದಿಲ್ಲ.

ಈಗ ಲೆಕ್ಕ. ತಿಂಗಳ ಕೊನೆಯ ವಹಿವಾಟಿನ ದಿನ 2,000 ರೂಪಾಯಿ ಕಂತು. ಸುಲಭವಾಗಲೆಂದು ಒಂದು ಯೂನಿಟ್‌ನ ಬೆಲೆ ಸೂಚ್ಯಂಕದ ನೂರನೇ ಒಂದು ಭಾಗ ಎಂದಿಟ್ಟುಕೊಂಡು, ಫಂಡಿನ ಖರ್ಚನ್ನೂ ಲಾಭಾಂಶವನ್ನೂ ಬದಿಗಿಡೋಣ. ಜನವರಿ ಕೊನೆಗೆ ಸೂಚ್ಯಂಕ 11,962 ಇತ್ತು, ಯೂನಿಟ್‌ಗೆ 119.62 ರೂಪಾಯಿಯಂತೆ 16.72 ಯೂನಿಟ್ ಬಂತು. ಫೆಬ್ರುವರಿಯಲ್ಲಿ 17.85. ಮಾರ್ಚ್ 23ರ ಸಂಜೆ ಮೊಬೈಲ್ ತೆರೆದರೆ, ಕಟ್ಟಿದ 4,000 ರೂಪಾಯಿ 2,631 ಆಗಿ ಕೂತಿತ್ತು. ಎರಡೇ ಕಂತಿಗೆ ಮೂರನೇ ಒಂದು ಭಾಗ ಕರಗಿದ್ದನ್ನು ಕಂಡವರಿಗೆ ಹೊಟ್ಟೆಯಲ್ಲಿ ಸಂಕಟವಾದರೆ ಅದು ಸಹಜ.

ಆದರೆ ಆ ದಿನ ಬದಲಾಗಿದ್ದು ಬೆಲೆ ಮಾತ್ರ. ಅವರ ಹೆಸರಲ್ಲಿದ್ದ 34.57 ಯೂನಿಟ್ ಹಾಗೆಯೇ ಇದ್ದವು. ಮಾರ್ಚ್ ಕೊನೆಯ ಕಂತು ಹೋದಾಗ ಅದೇ 2,000 ರೂಪಾಯಿಗೆ 23.26 ಯೂನಿಟ್ ಸಿಕ್ಕಿತು, ಏಪ್ರಿಲ್‌ನಲ್ಲಿ 20.28, ಮೇನಲ್ಲಿ 20.88. ಡಿಸೆಂಬರ್ 31ಕ್ಕೆ ಸೂಚ್ಯಂಕ 13,982 ತಲುಪಿತ್ತು. ಹನ್ನೆರಡು ಕಂತಿನ 24,000 ರೂಪಾಯಿ ಸುಮಾರು 30,580 ಆಗಿತ್ತು, ಅಂದರೆ ಹೆಚ್ಚಳ 6,580.

ಅವರು ಹೆದರಿ ಏನನ್ನೂ ಮಾರದೆ, ಮಾರ್ಚ್, ಏಪ್ರಿಲ್, ಮೇ ತಿಂಗಳ ಮೂರು ಕಂತನ್ನು ಮಾತ್ರ ತಪ್ಪಿಸಿ ಜೂನ್‌ನಲ್ಲಿ ಮತ್ತೆ ಶುರುಮಾಡಿದ್ದರೆ? ಆ 6,000 ರೂಪಾಯಿಯ ಯೂನಿಟ್‌ಗಳ ಬೆಲೆ ವರ್ಷದ ಕೊನೆಗೆ 9,000 ಆಗಿತ್ತು. ಎಂದರೆ ಇಡೀ ವರ್ಷದ ಹೆಚ್ಚಳದಲ್ಲಿ ಸುಮಾರು 3,000, ಹತ್ತಿರ ಹತ್ತಿರ ಅರ್ಧದಷ್ಟು, ಆ ಮೂರು ಭಯದ ತಿಂಗಳುಗಳಿಂದಲೇ ಬಂದದ್ದು. ಅವನ್ನು ಬಿಟ್ಟವರು ದುಬಾರಿ ಕಂತುಗಳನ್ನೆಲ್ಲ ಕಟ್ಟಿ ಅಗ್ಗದವನ್ನು ಕೈಬಿಟ್ಟಂತಾಯಿತು.

2020ರಲ್ಲಿ ಪೇಟೆ ಬೇಗ ಚೇತರಿಸಿಕೊಂಡಿತು, ನವೆಂಬರ್ ಹೊತ್ತಿಗೆ ಹಳೆಯ ಎತ್ತರ ದಾಟಿತ್ತು. ಯಾವಾಗಲೂ ಹೀಗಾಗುತ್ತದೆ ಎಂದು ನಂಬಿಸುವುದು ತಪ್ಪು. 2008ರ ಜನವರಿಯಲ್ಲಿ 6,287ರಲ್ಲಿದ್ದ ನಿಫ್ಟಿ ಅಕ್ಟೋಬರ್‌ನಲ್ಲಿ 2,524ಕ್ಕೆ ಇಳಿಯಿತು. 2010ರ ನವೆಂಬರ್‌ನಲ್ಲಿ ಹಳೆಯ ಮಟ್ಟವನ್ನು ಒಮ್ಮೆ ಮುಟ್ಟಿ ಮತ್ತೆ ಜಾರಿತು. ಅದನ್ನು ಹಿಂದೆ ಹಾಕಿ ಗಟ್ಟಿಯಾಗಿ ಮೇಲೇರಿದ್ದು 2014ರಲ್ಲಿ. ಅಂಥ ಆರು ವರ್ಷ ಬರಬಹುದು ಎಂದು ತಿಳಿದೇ ಕಂತಿನ ಮೊತ್ತ ನಿಶ್ಚಯಿಸಬೇಕು. ಮುಂದಿನ ವರ್ಷದ ಕಾಲೇಜು ಫೀಸು, ಎರಡು ವರ್ಷದಲ್ಲಿ ಮಾಡಬೇಕಾದ ಮದುವೆ, ಇವುಗಳ ಹಣ ಇಲ್ಲಿಗೆ ಬರಕೂಡದು. ಏಳೆಂಟು ವರ್ಷ ಕೈಹಾಕಬೇಕಾಗಿ ಬಾರದ ಹಣಕ್ಕೆ ಇದು ಸರಿ.

ಕುಸಿತದಲ್ಲಿ ಸಮಾಧಾನವಾಗಿರುವುದು ಬಹುಮಟ್ಟಿಗೆ ಸ್ವಭಾವದ ಮಾತಲ್ಲ, ಮನೆಯ ಹಣದ ಏರ್ಪಾಡಿನ ಮಾತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೇಟೆ ಬೀಳುವ ಹೊತ್ತಿಗೇ ಸಂಬಳವೂ ಕಡಿತವಾಗಬಹುದು, ಲಾಕ್‌ಡೌನ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿನಲ್ಲಿ ಐದಾರು ತಿಂಗಳ ಮನೆಖರ್ಚು ಠೇವಣಿಯಾಗಿದ್ದರೆ ಕಂತು ತಾನಾಗಿ ಮುಂದುವರಿಯುತ್ತದೆ. ಅದಿಲ್ಲದಿದ್ದರೆ ಎಂಥ ಧೈರ್ಯಸ್ಥರೂ ಅಗ್ಗದ ಬೆಲೆಗೆ ಯೂನಿಟ್ ಮಾರಬೇಕಾಗುತ್ತದೆ. ಆದ್ದರಿಂದ ಮೊದಲು ಆ ಠೇವಣಿ, ಆಮೇಲೆ ಎಸ್‌ಐಪಿ.

ಶುರುಮಾಡುವ ಕೆಲಸ ದೊಡ್ಡದಲ್ಲ. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು ಕೆವೈಸಿ ಮುಗಿಸಬೇಕು. ಫಂಡ್ ಸಂಸ್ಥೆಯ ಜಾಲತಾಣದಲ್ಲೇ ಇದು ಆಗುತ್ತದೆ. ಅರ್ಜಿಯಲ್ಲಿ ಎರಡು ಕಡೆ ನಿಧಾನಿಸಿ. ಒಂದು, ಡೈರೆಕ್ಟ್ ಮತ್ತು ರೆಗ್ಯುಲರ್. ಎರಡರಲ್ಲೂ ಇರುವುದು ಅದೇ ಐವತ್ತು ಕಂಪನಿ, ಆದರೆ ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಅದು ಪ್ರತಿವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. ನಿಫ್ಟಿ ಫಂಡುಗಳ ಡೈರೆಕ್ಟ್ ಯೋಜನೆಯ ವಾರ್ಷಿಕ ಖರ್ಚು ಸಾಮಾನ್ಯವಾಗಿ ಶೇ 0.2ರ ಆಸುಪಾಸಿನಲ್ಲಿರುತ್ತದೆ. ಇನ್ನೊಂದು, ಗ್ರೋತ್ ಆಯ್ಕೆ. ಇದರಲ್ಲಿ ಬಂದ ಲಾಭ ಫಂಡಿನೊಳಗೇ ಉಳಿದು ಬೆಳೆಯುತ್ತದೆ.

ಕಂತಿನ ದಿನಾಂಕ ಸಂಬಳವಾದ ಮೂರ್ನಾಲ್ಕು ದಿನಕ್ಕೆ ಇರಲಿ. ಯಾವ ತಾರೀಖಿನಲ್ಲಿ ಹೆಚ್ಚು ಲಾಭ ಎಂದು ಹುಡುಕುವುದರಲ್ಲಿ ಹುರುಳಿಲ್ಲ, ಖಾತೆಯಲ್ಲಿ ಹಣ ಇರುವುದು ಮುಖ್ಯ. ಹಣವಿಲ್ಲದೆ ಕಂತು ತಪ್ಪಿದರೆ ಫಂಡಿನವರು ದಂಡ ಹಾಕುವುದಿಲ್ಲ, ಬ್ಯಾಂಕಿನವರು ಹಾಕುತ್ತಾರೆ. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಆದರೆ ಕಂತು ನಿಂತಿತೆಂದು ಹಿಂದಿನ ಯೂನಿಟ್‌ಗಳು ಎಲ್ಲಿಗೂ ಹೋಗುವುದಿಲ್ಲ. ಕಂತು ನಿಲ್ಲಿಸುವುದು ಬೇರೆ, ಹಣ ಹಿಂತೆಗೆಯುವುದು ಬೇರೆ. ಇದು ತಿಳಿಯದೆ ಎಷ್ಟೋ ಮಂದಿ ಕಷ್ಟ ಬಂದಾಗ ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ನಿಜವಾಗಿ ಕೈ ಕಟ್ಟಿದಾಗ ಕಂತನ್ನು ಸಣ್ಣದು ಮಾಡಿ, ಇಲ್ಲವೇ ಕೆಲವು ತಿಂಗಳು ತಡೆಹಿಡಿಯಿರಿ. ಯೂನಿಟ್ ಇದ್ದಲ್ಲೇ ಇರಲಿ.

ಮಾರುವವರು ಎಸ್‌ಐಪಿ ಮಾತು ತೆಗೆದಾಗ ಹೇಳದೆ ಬಿಡುವ ಸಂಗತಿಯೊಂದಿದೆ. ಕುಸಿತದಲ್ಲಿ ಅಗ್ಗದ ಯೂನಿಟ್ ಸಿಕ್ಕಿ ಸರಿದೂಗುತ್ತದೆ ಎಂಬುದು ಮೊದಲ ವರ್ಷಗಳಿಗೆ ಮಾತ್ರ ನಿಜ. ಹತ್ತು ವರ್ಷ ಕಳೆದು ಖಾತೆಯಲ್ಲಿ ನಾಲ್ಕು ಲಕ್ಷ ಸೇರಿದೆ ಎನ್ನಿ. ಪೇಟೆ ಶೇ 30ರಷ್ಟು ಬಿದ್ದರೆ ಕರಗುವುದು 1,20,000 ರೂಪಾಯಿ. ಆ ತಿಂಗಳ 2,000 ರೂಪಾಯಿ ಕಂತಿಗೆ ಎಷ್ಟೇ ಅಗ್ಗದಲ್ಲಿ ಯೂನಿಟ್ ಸಿಕ್ಕರೂ ಆ ಗುಂಡಿ ತುಂಬುವುದಿಲ್ಲ. ಆಗ ಕಾಪಾಡುವುದು ಸಮಯ, ಅದು ಉಳಿದಿರಬೇಕು. ಮಗಳ ಇಂಜಿನಿಯರಿಂಗ್ ಸೀಟಿಗೆಂದು ಕೂಡಿಟ್ಟ ಹಣವಾದರೆ, ಅವಳು ಎಂಟನೇ ತರಗತಿಗೆ ಬಂದಾಗಿನಿಂದಲೇ ಪ್ರತಿವರ್ಷ ಒಂದು ಪಾಲು ತೆಗೆದು ಬ್ಯಾಂಕ್ ಠೇವಣಿಗೆ ಹಾಕುತ್ತ ಬರುವುದು ಲೇಸು. ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭ ವರ್ಷಕ್ಕೆ 1,25,000 ರೂಪಾಯಿವರೆಗೆ ಇದ್ದರೆ ಈಗಿನ ನಿಯಮದಂತೆ ತೆರಿಗೆಯಿಲ್ಲ, ಮೀರಿದ ಭಾಗಕ್ಕೆ ಶೇ 12.5. ಒಂದೇ ಸಲ ಎಲ್ಲವನ್ನೂ ತೆಗೆಯುವುದಕ್ಕಿಂತ ನಾಲ್ಕು ವರ್ಷಕ್ಕೆ ಹಂಚಿ ತೆಗೆದರೆ ಈ ವಿನಾಯಿತಿ ನಾಲ್ಕು ಬಾರಿ ಸಿಗುತ್ತದೆ.